ಡಿಎನ್‌ಡಿ ಇದ್ದರೂ ಕಾಲ್ ಬರುವುದು ಯಾಕೆ, ಅದನ್ನು ನಿಲ್ಲಿಸುವುದು ಹೇಗೆ?

ಪ್ರಶ್ನೆ: ಪ್ರಚಾರದ ಕಾಲ್ ಬೇಡ ಅಂತ ಡಿಎನ್‌ಡಿ ಮಾಡಿಸಿ ಒಂದು ವರ್ಷ ಆಯ್ತು. ಆದ್ರೂ ಪರ್ಸನಲ್ ಲೋನ್, ಸೈಟು ಅಂತ ಕಾಲ್ ಬರ್ತಾನೇ ಇವೆ. ಬ್ಲಾಕ್ ಮಾಡಿದ್ರೆ ಇನ್ನೊಂದು ನಂಬರಿಂದ ಮಾಡ್ತಾರೆ. ಮೊನ್ನೆ ನಮ್ಮಮ್ಮನಿಗೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನಿಂದ ಅಂತ ಕಾಲ್ ಬಂದು, "ನಿಮ್ಮ ನಂಬರ್ ಬಂದ್ ಆಗುತ್ತೆ, 9 ಒತ್ತಿ" ಅಂದ್ರಂತೆ. ಅವರು ಒತ್ತಿಬಿಟ್ಟಿದ್ದಾರೆ. ಯಾವುದಾದ್ರೂ ಒಳ್ಳೇ ಆ್ಯಪ್ ಹಾಕಿದ್ರೆ ಇದೆಲ್ಲ ನಿಲ್ಲುತ್ತಾ?

ಉತ್ತರ: ಮೊದಲು ಅಮ್ಮನ ವಿಷಯ ನೋಡೋಣ, ಅದು ತುರ್ತಿನದು. 9 ಒತ್ತಿದ ಮಾತ್ರಕ್ಕೆ ಖಾತೆಯಿಂದ ದುಡ್ಡು ಹೋಗುವುದಿಲ್ಲ. ರೆಕಾರ್ಡ್ ಮಾಡಿಟ್ಟ ದನಿಯಿಂದ ಒಬ್ಬ ವಂಚಕನಿಗೆ ಕಾಲ್ ದಾಟಿಸುವುದಷ್ಟೇ ಆ ಗುಂಡಿಯ ಕೆಲಸ. ಅಪಾಯ ಇರುವುದು ಆಮೇಲೆ ನಡೆದ ಮಾತಿನಲ್ಲಿ. ಹಾಗಾಗಿ ಅವರನ್ನು ಗದರದೆ, ಸಮಾಧಾನವಾಗಿ ಮೂರು ವಿಷಯ ಕೇಳಿ. ಒಟಿಪಿ, ಆಧಾರ್ ನಂಬರ್ ಅಥವಾ ಬ್ಯಾಂಕಿನ ವಿವರ ಏನಾದರೂ ಹೇಳಿದರಾ? ಅವರು ಕಳಿಸಿದ ಯಾವುದಾದರೂ ಫೈಲ್ ತೆರೆದು ಆ್ಯಪ್ ಹಾಕಿಕೊಂಡರಾ? ನಕ್ಷತ್ರದ ಗುರುತಿನಿಂದ ಶುರುವಾಗುವ ಯಾವುದಾದರೂ ನಂಬರ್ ಡಯಲ್ ಮಾಡಿಸಿದರಾ?

ಮೂರಕ್ಕೂ ಇಲ್ಲ ಎಂದರೆ ಆತಂಕ ಬೇಡ. ಆ್ಯಪ್ ಹಾಕಿಕೊಂಡಿದ್ದರೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕಾಲ್ ಮಾಡಿ ನೆಟ್‌ಬ್ಯಾಂಕಿಂಗ್, ಯುಪಿಐ, ಕಾರ್ಡು ಎಲ್ಲವನ್ನೂ ತಡೆಹಿಡಿಸಿ. ಆಮೇಲೆ ಆ ಆ್ಯಪ್ ತೆಗೆಯಿರಿ. ಇಂಥ ಆ್ಯಪ್‌ಗಳು ಎಸ್ಎಂಎಸ್ ಓದಿ ಒಟಿಪಿಯನ್ನು ಅತ್ತ ದಾಟಿಸುತ್ತವೆ. ಅನುಮಾನ ಉಳಿದರೆ ಫೋನನ್ನು ಫ್ಯಾಕ್ಟರಿ ರಿಸೆಟ್ ಮಾಡುವುದೇ ವಾಸಿ.

ನಕ್ಷತ್ರದ ಕೋಡ್ ಡಯಲ್ ಮಾಡಿಸಿದ್ದರೆ ಅದು ಬಹುಪಾಲು ಕಾಲ್ ಫಾರ್ವರ್ಡಿಂಗ್. ಅಮ್ಮನಿಗೆ ಬರುವ ಕಾಲ್‌ಗಳು ವಂಚಕನ ನಂಬರಿಗೆ ಹೋಗುವ ಹಾಗೆ ಮಾಡುವ ಉಪಾಯ. ಒಟಿಪಿಯನ್ನು ಕಾಲ್ ಮೂಲಕ ಹೇಳುವ ವ್ಯವಸ್ಥೆಗಳಿವೆಯಲ್ಲ, ವಾಟ್ಸಾಪ್‌ನದ್ದು ಸೇರಿದಂತೆ, ಅವೆಲ್ಲ ಆಗ ಅವನ ಕಿವಿಗೆ ಬೀಳುತ್ತವೆ. ಅಮ್ಮನ ಫೋನಿನಿಂದ ಇವೆರಡನ್ನು ಡಯಲ್ ಮಾಡಿ. ಮೊದಲನೆಯದು ಫಾರ್ವರ್ಡಿಂಗ್ ಆನ್ ಆಗಿದೆಯಾ ಎಂದು ತೋರಿಸುತ್ತದೆ, ಎರಡನೆಯದು ಇರುವ ಎಲ್ಲ ಫಾರ್ವರ್ಡಿಂಗನ್ನೂ ತೆಗೆದುಹಾಕುತ್ತದೆ.

```
*#21#
##002#
```

ಎರಡು ಸಿಮ್ ಇದ್ದರೆ ಎರಡರಿಂದಲೂ ಮಾಡಿ.

ಈಗ ನಿಮ್ಮ ಲೋನ್ ಕಾಲ್‌ಗಳಿಗೆ ಬರೋಣ. ನಿಮಗೆ ಕಾಲ್ ಮಾಡುವವರೆಲ್ಲ ಒಂದೇ ಜಾತಿಯವರಲ್ಲ. ಟೆಲಿಕಾಂ ಕಂಪನಿಯಲ್ಲಿ ನೋಂದಾಯಿಸಿಕೊಂಡು ಕಾನೂನಿನ ಪ್ರಕಾರ ಮಾರಾಟದ ಕಾಲ್ ಮಾಡುವವರು ಒಂದು ಗುಂಪು. ಅವರ ಪ್ರಚಾರದ ಕಾಲ್ 140ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕು. ನೋಂದಣಿಯನ್ನೇ ಮಾಡಿಸದೆ, ಮಾಮೂಲಿ ಹತ್ತು ಅಂಕಿಯ ಸಿಮ್ ಹಿಡಿದು ದಿನವಿಡೀ ಕಾಲ್ ಮಾಡುವ ಏಜೆಂಟರದ್ದು ಇನ್ನೊಂದು ಗುಂಪು. ವಂಚಕರದ್ದು ಬೇರೆಯೇ ಲೋಕ.

ಡಿಎನ್‌ಡಿ ನೇರವಾಗಿ ತಡೆಯುವುದು ಮೊದಲ ಗುಂಪನ್ನು ಮಾತ್ರ. ನೋಂದಾಯಿತ ಕಂಪನಿ ಪ್ರಚಾರದ ಕಾಲ್ ಮಾಡುವ ಮುಂಚೆ ಅದರ ಪಟ್ಟಿಯನ್ನು ಡಿಎನ್‌ಡಿ ಪಟ್ಟಿಯ ಜೊತೆ ತಾಳೆ ನೋಡಿ, ಬೇಡ ಎಂದವರ ನಂಬರ್ ತೆಗೆಯುತ್ತಾರೆ. ಹತ್ತು ಅಂಕಿಯ ಸಿಮ್‌ನಿಂದ ಹೊರಟ ಕಾಲ್ ಈ ಜರಡಿಗೆ ಬೀಳುವುದೇ ಇಲ್ಲ. ನೆಟ್‌ವರ್ಕಿನ ಕಣ್ಣಿಗೆ ಅದು ಸ್ನೇಹಿತರೊಬ್ಬರು ಮಾಡಿದ ಕಾಲ್ ಇದ್ದ ಹಾಗೆಯೇ ಕಾಣುತ್ತದೆ. ನಿಮಗೆ ಈಗ ಬರುತ್ತಿರುವ ಬಹುಪಾಲು ಕಾಲ್‌ಗಳು ಇಂಥವೇ ಇರಬೇಕು. ಕಾಲ್ ಲಾಗ್ ತೆರೆದು ನೋಡಿ, 140 ಎಷ್ಟಿವೆ, ಮಾಮೂಲಿ ನಂಬರ್ ಎಷ್ಟಿವೆ ಎಂದು ಗೊತ್ತಾಗುತ್ತದೆ.

ಹಾಗಂತ ಡಿಎನ್‌ಡಿ ದಂಡ ಅಲ್ಲ. ನಿಮ್ಮದು ನಿಜವಾಗಿ ಆನ್ ಆಗಿದೆಯಾ ಎಂದು ಒಮ್ಮೆ ಖಚಿತ ಮಾಡಿಕೊಳ್ಳಿ. ಎಲ್ಲ ಬಗೆಯ ಪ್ರಚಾರವೂ ಬೇಡ ಎಂದಾದರೆ 1909ಕ್ಕೆ ಈ ಎಸ್ಎಂಎಸ್ ಕಳಿಸಬೇಕು.

```
START 0
```

ನಿಮ್ಮ ಟೆಲಿಕಾಂ ಕಂಪನಿಯಿಂದ ಉತ್ತರ ಬರುತ್ತದೆ. 1909ಕ್ಕೆ ಕಾಲ್ ಮಾಡಿಯೂ ಮಾಡಿಸಬಹುದು. ಬ್ಯಾಂಕಿನ ಒಟಿಪಿ, ವಹಿವಾಟಿನ ಮೆಸೇಜು ಇದರಿಂದ ನಿಲ್ಲುವುದಿಲ್ಲ, ಆ ಭಯ ಬೇಡ. ಇನ್ನೊಂದು ಕಂಡಿ ಇದೆ. ಯಾವುದೋ ಸಾಲದ ಆ್ಯಪಿನಲ್ಲೋ ಲಕ್ಕಿ ಡ್ರಾ ಫಾರಂನಲ್ಲೋ "ನನ್ನನ್ನು ಸಂಪರ್ಕಿಸಬಹುದು" ಎಂಬ ಚೌಕಕ್ಕೆ ನೀವು ಟಿಕ್ ಹಾಕಿದ್ದರೆ, ಆ ಕಂಪನಿಗೆ ಒಪ್ಪಿಗೆ ಕೊಟ್ಟ ಹಾಗೆ. ಡಿಎನ್‌ಡಿ ಅದನ್ನು ತಡೆಯುವುದಿಲ್ಲ.

ಎರಡನೇ ಗುಂಪಿಗೆ ಮದ್ದು ದೂರು ಕೊಡುವುದು. ಬ್ಲಾಕ್ ಮಾಡಿದರೆ ಆ ನಂಬರ್ ನಿಮ್ಮ ಫೋನಿಗೆ ಮಾತ್ರ ಬರುವುದಿಲ್ಲ. ಟೆಲಿಕಾಂ ಕಂಪನಿಗೆ ಆ ವಿಷಯ ಗೊತ್ತೇ ಆಗುವುದಿಲ್ಲ, ಏಜೆಂಟಿನ ಸಿಮ್ ಹಾಗೇ ಓಡುತ್ತಿರುತ್ತದೆ. 1909ಕ್ಕೆ ದೂರು ಹೋದರೆ ಮಾತ್ರ ಆ ಸಿಮ್ ಮೇಲೆ ಲೆಕ್ಕ ಶುರುವಾಗುತ್ತದೆ. 2025ರ ಫೆಬ್ರುವರಿಯಲ್ಲಿ ಟ್ರಾಯ್ ನಿಯಮ ಬಿಗಿ ಮಾಡಿತು. ಮುಂಚೆ ಒಂದು ನಂಬರಿನ ಮೇಲೆ 7 ದಿನದಲ್ಲಿ 10 ದೂರು ಬಂದರೆ ಕ್ರಮ ಶುರುವಾಗುತ್ತಿತ್ತು. ಈಗ 10 ದಿನದಲ್ಲಿ 5 ದೂರು ಸಾಕು. ದೂರು ಕೊಡಲು ಮುಂಚೆ 3 ದಿನ ಇತ್ತು, ಈಗ 7 ದಿನ. ನೋಂದಣಿ ಇಲ್ಲದವರ ಮೇಲೆ ದೂರು ಕೊಡಲು ನೀವು ಡಿಎನ್‌ಡಿಯಲ್ಲಿ ಇರಲೇಬೇಕು ಅಂತಲೂ ಇಲ್ಲ. ತಪ್ಪು ಸಾಬೀತಾದರೆ ಮೊದಲ ಸಲ ಆ ಕಂಪನಿ ಅಥವಾ ಏಜೆಂಟಿನ ಹೊರಹೋಗುವ ಕಾಲ್‌ಗಳು 15 ದಿನ ಬಂದ್. ಮತ್ತೆ ಮಾಡಿದರೆ ಅವರ ಹೆಸರಿನ ಎಲ್ಲ ಸಂಪರ್ಕವೂ ಒಂದು ವರ್ಷ ಕಟ್.

ಐದು ದೂರು ಎಂಬುದನ್ನು ಗಮನಿಸಿ. ಇಂಥ ಏಜೆಂಟರು ದಿನಕ್ಕೆ ನೂರಾರು ಜನರಿಗೆ ಕಾಲ್ ಮಾಡುತ್ತಾರೆ. ಅದರಲ್ಲಿ ಐದೇ ಜನ ಬರೆದರೂ ಆ ಸಿಮ್ ತನಿಖೆಗೆ ಬರುತ್ತದೆ. ಜನ ಬೈದು ಕಾಲ್ ಕಟ್ ಮಾಡಿ ಸುಮ್ನಾಗುವುದರಿಂದಲೇ ಈ ದಂಧೆ ನಡೆದುಕೊಂಡು ಹೋಗುತ್ತಿದೆ ಎಂಬುದು ನನ್ನ ಅಭಿಪ್ರಾಯ.

ದೂರಿನ ಎಸ್ಎಂಎಸ್ ಹೇಗಿರಬೇಕು ಎಂದು ಒಂದು ಉದಾಹರಣೆಯೊಂದಿಗೆ ನೋಡೋಣ. ಜುಲೈ 14ರ ಬೆಳಿಗ್ಗೆ ಹನ್ನೊಂದೂವರೆಗೆ ನಿಮಗೆ ಒಂದು ಮಾಮೂಲಿ ನಂಬರಿನಿಂದ ಕಾಲ್ ಬಂತು ಎಂದುಕೊಳ್ಳಿ. ಎತ್ತಿದಿರಿ. "ಮೇಡಂ, ನಿಮಗೆ ಪ್ರೀ ಅಪ್ರೂವ್ಡ್ ಲೋನ್ ಇದೆ" ಎಂದರು. ಇಲ್ಲಿ ಜಗಳ ಆಡಬೇಡಿ. "ಯಾವ ಕಂಪನಿಯಿಂದ? ಎಷ್ಟು ಬಡ್ಡಿ?" ಎಂದು ಕೇಳಿ. ಇಪ್ಪತ್ತು ಸೆಕೆಂಡಿನ ಮಾತು ಸಾಕು. ನಿಮ್ಮ ಸಂಬಳ, ಪ್ಯಾನ್, ಕೆಲಸದ ಜಾಗ ಏನನ್ನೂ ಹೇಳಬೇಡಿ. ಕಾಲ್ ಇಟ್ಟ ಮೇಲೆ 1909ಕ್ಕೆ ಹೀಗೆ ಬರೆಯಿರಿ. ಮೊದಲು ಕಾಲ್‌ನ ವಿಷಯ, ಆಮೇಲೆ ಅವರ ನಂಬರ್, ಕೊನೆಗೆ ತಾರೀಕು, ನಡುವೆ ಅಲ್ಪವಿರಾಮ.

```
Personal loan offer call from agent, 98XXXXXXXX, 14/07/25
```

ಎಕ್ಸ್ ಇರುವ ಜಾಗದಲ್ಲಿ ಪೂರ್ತಿ ನಂಬರ್ ಇರಬೇಕು. ಸ್ವಲ್ಪ ಹೊತ್ತಿಗೆ ದೂರಿನ ನಂಬರ್ ಬರುತ್ತದೆ, ಅದನ್ನು ಅಳಿಸಬೇಡಿ. ಟೈಪ್ ಮಾಡುವುದು ಬೇಜಾರು ಎಂದರೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಇದೆ. ಆಂಡ್ರಾಯ್ಡ್‌ನಲ್ಲಿ ಅದು ಕಾಲ್ ಲಾಗನ್ನೇ ತೋರಿಸುತ್ತದೆ, ನಂಬರ್ ಆರಿಸಿ ದೂರು ಕಳಿಸಬಹುದು. ನಿಮ್ಮ ಟೆಲಿಕಾಂ ಕಂಪನಿಯ ಆ್ಯಪಿನಲ್ಲೂ ಈ ಸೌಲಭ್ಯ ಇರುತ್ತದೆ.

ದೂರು ತಿರಸ್ಕಾರ ಆಗುವುದಕ್ಕೆ ಕಾರಣಗಳು ಹೆಚ್ಚಾಗಿ ಚಿಕ್ಕವು. ಮುಖ್ಯವಾದದ್ದು ಎರಡು ಸಿಮ್‌ನ ಗೊಂದಲ. ಕಾಲ್ ಬಂದದ್ದು ಒಂದನೇ ಸಿಮ್‌ಗೆ, ದೂರು ಹೋದದ್ದು ಎರಡನೇ ಸಿಮ್‌ನಿಂದ. ಕಂಪನಿಯವರು ದಾಖಲೆ ತೆಗೆದು, ಈ ನಂಬರಿನಿಂದ ಆ ನಂಬರಿಗೆ ಆ ದಿನ ಕಾಲ್ ಹೋಗಿದೆಯಾ ಎಂದು ನೋಡುತ್ತಾರೆ. ಹೋಗಿಲ್ಲ, ಹಾಗಾಗಿ ದೂರು ಮುಚ್ಚಿ ಹೋಯಿತು. ತಾರೀಕು ಒಂದು ದಿನ ಆಚೀಚೆ ಆದರೂ ಇದೇ ಪಾಡು. ಆದ್ದರಿಂದ ಕಾಲ್ ಲಾಗ್‌ನಲ್ಲಿ ಸಿಮ್ ಗುರುತು ನೋಡಿಕೊಂಡು, ಅದೇ ಸಿಮ್‌ನಿಂದ, ಆ ದಿನವೇ ಕಳಿಸಿಬಿಡಿ. ಎತ್ತದೇ ಬಿಟ್ಟ ಕಾಲ್ ಬಗ್ಗೆ ದೂರು ಕೊಟ್ಟರೂ ಪ್ರಯೋಜನ ಕಡಿಮೆ, ಯಾಕೆಂದರೆ ವಿಷಯ ಏನೆಂದು ಬರೆಯುವುದಕ್ಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ವಾಟ್ಸಾಪ್ ಕಾಲ್ ಆಗಿದ್ದರೆ 1909ಕ್ಕೆ ಅದು ಸೇರುವುದೇ ಇಲ್ಲ, ಅದು ಇಂಟರ್ನೆಟ್ ಮೂಲಕ ಬಂದದ್ದು.

ಇನ್ನು ಆ್ಯಪ್. ಟ್ರೂಕಾಲರ್ ಥರದವು ನಡೆಯುವುದು ಬಳಕೆದಾರರು ಹಾಕಿದ ಗುರುತಿನಿಂದ. ಸಾಕಷ್ಟು ಜನ ಒಂದು ನಂಬರನ್ನು ಸ್ಪ್ಯಾಮ್ ಎಂದಿದ್ದರೆ ನಿಮ್ಮ ಪರದೆ ಕೆಂಪಗಾಗುತ್ತದೆ. ಮಾರಾಟದ ಕಾಲ್‌ಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಆ ನಂಬರ್ ಸಾವಿರಾರು ಜನರನ್ನು ಕಾಡಿರುತ್ತದೆ. ವಂಚಕನ ವಿಷಯದಲ್ಲಿ ಅಷ್ಟು ಭರವಸೆ ಇಡಲಾಗದು. ಅವನು ನಿನ್ನೆ ತಾನೇ ಶುರು ಮಾಡಿದ ಸಿಮ್ ಹಿಡಿದಿದ್ದರೆ ಅದರ ಮೇಲೆ ಯಾವ ಗುರುತೂ ಇರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಇಂಥ ಆ್ಯಪ್‌ಗಳಲ್ಲಿ ಕಾಣುವ ಹೆಸರನ್ನು ನಂಬರಿನವನೇ ಬರೆದುಕೊಂಡಿರಬಹುದು. ಪೊಲೀಸ್ ಇಲಾಖೆಯ ಹೆಸರು, ಬ್ಯಾಂಕಿನ ಹೆಸರು, ಜೊತೆಗೆ ಲೋಗೋ ಹಾಕಿಕೊಂಡವರಿದ್ದಾರೆ. ಕೆಂಪು ಬಂದರೆ ನಂಬಿ. ಕೆಂಪು ಬರಲಿಲ್ಲ, ಒಳ್ಳೆಯ ಹೆಸರು ಕಂಡಿತು ಎಂದು ಮಾತ್ರ ನಂಬಬೇಡಿ.

ಹಾಕಿಕೊಳ್ಳುವುದಾದರೆ ಕಾಲ್ ಗುರುತಿಸುವುದಕ್ಕೆ ಬೇಕಾದಷ್ಟು ಅನುಮತಿ ಕೊಡಿ, ಎಸ್ಎಂಎಸ್ ಓದುವ ಅನುಮತಿ ಕೊಡಬೇಡಿ. ಒಟಿಪಿ ಬರುವುದು ಅಲ್ಲಿಗೇ ಅಲ್ವಾ? ನನ್ನನ್ನು ಕೇಳಿದರೆ, ಹೊಸ ಆ್ಯಪಿಗಿಂತ ಮುಂಚೆ ಫೋನಿನಲ್ಲೇ ಇರುವುದನ್ನು ಆನ್ ಮಾಡಿ. ಗೂಗಲ್‌ನ ಫೋನ್ ಆ್ಯಪಿನ ಸೆಟ್ಟಿಂಗ್‌ನಲ್ಲಿ Caller ID & spam ಎಂದಿದೆ, ಅಲ್ಲಿ ಸ್ಪ್ಯಾಮ್ ಕಾಲ್ ಸೋಸುವ ಆಯ್ಕೆ ಸಿಗುತ್ತದೆ. ವಾಟ್ಸಾಪ್‌ನಲ್ಲಿ Settings, Privacy, Calls ಎಂದು ಹೋಗಿ Silence unknown callers ಆನ್ ಮಾಡಿ. ಅಮ್ಮನ ಫೋನಿನಲ್ಲಿ ಇದನ್ನು ಇವತ್ತೇ ಮಾಡಿ. ಅವರನ್ನು ಹೆದರಿಸುವ ವಿಡಿಯೋ ಕಾಲ್ ಬರುವುದು ಬಹುತೇಕ ವಾಟ್ಸಾಪ್‌ಗೆ. ಮಾಮೂಲಿ ಕಾಲ್‌ಗೂ ಇಂಥ ಮೌನದ ಸೆಟ್ಟಿಂಗ್ ಹಲವು ಫೋನುಗಳಲ್ಲಿದೆ. ಆದರೆ ಅದನ್ನು ಹಾಕಿದರೆ ಆಸ್ಪತ್ರೆಯ ಕಾಲ್, ಕೊರಿಯರ್‌ನವರ ಕಾಲ್ ಕೂಡ ಸದ್ದಿಲ್ಲದೆ ಹೋಗುತ್ತವೆ. ಹೊರಗಿನವರ ಜೊತೆ ಫೋನಿನಲ್ಲಿ ಜಾಸ್ತಿ ವ್ಯವಹಾರ ಇಲ್ಲದ ಹಿರಿಯರಿಗೆ ಸರಿ, ನಿಮಗೆ ಕಷ್ಟ.

ಈಗ ಅಮ್ಮನಿಗೆ ಕಾಲ್ ಮಾಡಿದವರ ವಿಷಯ. ಟ್ರಾಯ್ ಯಾರದೇ ಸಿಮ್ ಬಂದ್ ಮಾಡುವುದಿಲ್ಲ, ಅದಕ್ಕಾಗಿ ಯಾರಿಗೂ ಕಾಲ್ ಮಾಡುವುದೂ ಇಲ್ಲ. ಬಿಲ್, ದಾಖಲೆ, ಸಿಮ್ ಎಲ್ಲ ನೋಡಿಕೊಳ್ಳುವುದು ಟೆಲಿಕಾಂ ಕಂಪನಿ. ಈ ನಾಟಕ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. "ಎರಡು ಗಂಟೆಯಲ್ಲಿ ನಂಬರ್ ಬಂದ್" ಎಂಬ ರೆಕಾರ್ಡ್ ಮಾಡಿದ ದನಿ. 9 ಒತ್ತಿದರೆ ಒಬ್ಬ ಅಧಿಕಾರಿ. ನಿಮ್ಮ ಆಧಾರ್ ಮೇಲೆ ಇನ್ನೊಂದು ಸಿಮ್ ಇದೆ, ಅದರಿಂದ ಅಪರಾಧ ನಡೆದಿದೆ ಎನ್ನುತ್ತಾನೆ. ಆಮೇಲೆ ವಾಟ್ಸಾಪ್‌ನಲ್ಲಿ ಖಾಕಿ ತೊಟ್ಟವನ ವಿಡಿಯೋ, "ಡಿಜಿಟಲ್ ಅರೆಸ್ಟ್" ಎಂಬ ಬೆದರಿಕೆ, ಯಾರಿಗೂ ಹೇಳಬೇಡಿ ಎಂಬ ಆಜ್ಞೆ. ಕೊನೆಗೆ "ಪರಿಶೀಲನೆಗೆ" ಎಂದು ದುಡ್ಡು ಕಳಿಸು ಎನ್ನುತ್ತಾನೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

ದುಡ್ಡು ಹೋಗಿಲ್ಲದಿದ್ದರೆ ಇದನ್ನು ಚಕ್ಷುವಿನಲ್ಲಿ ಹಾಕಬೇಕು. ಇದು ದೂರಸಂಪರ್ಕ ಇಲಾಖೆ 2024ರ ಮಾರ್ಚ್‌ನಲ್ಲಿ ಶುರು ಮಾಡಿದ ಸೇವೆ, ಸಂಚಾರ್ ಸಾಥಿಯ ಭಾಗ. sancharsaathi.gov.in ತೆರೆಯಿರಿ ಅಥವಾ ಆ್ಯಪ್ ಹಾಕಿಕೊಳ್ಳಿ. ಬಂದದ್ದು ಕಾಲಾ, ಎಸ್ಎಂಎಸ್ಸಾ, ವಾಟ್ಸಾಪಾ ಎಂದು ಆರಿಸಿ. ವಂಚನೆಯ ಬಗೆ ಆರಿಸುವಲ್ಲಿ ಸರ್ಕಾರಿ ಅಧಿಕಾರಿಯ ಸೋಗು, ಕೆವೈಸಿ ಹೀಗೆ ಪಟ್ಟಿ ಇರುತ್ತದೆ. ನಂಬರ್, ತಾರೀಕು, ಸಮಯ ತುಂಬಿಸಿ, ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಸೇರಿಸಿ, ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಕೊನೆಗೆ ನಿಮ್ಮ ಮೊಬೈಲಿಗೆ ಒಟಿಪಿ ಬರುತ್ತದೆ. ಹೀಗೆ ಬಂದ ನಂಬರುಗಳನ್ನು ಇಲಾಖೆ ಮರುಪರಿಶೀಲನೆಗೆ ಹಾಕುತ್ತದೆ. ದಾಖಲೆ ಸುಳ್ಳು ಎಂದು ಗೊತ್ತಾದರೆ ಸಂಪರ್ಕ ಕಡಿಯುತ್ತದೆ. ಲೋನ್ ಮಾರುವ ಏಜೆಂಟಿನ ದೂರನ್ನು ಇಲ್ಲಿಗೆ ಹಾಕಬೇಡಿ, ವಂಚಕನ ದೂರನ್ನು 1909ಕ್ಕೆ ಹಾಕಬೇಡಿ. ಎರಡೂ ಬೇರೆ ಬೇರೆ ಕಡೆ ಹೋಗುವ ದಾರಿಗಳು.

ದುಡ್ಡು ಹೋಗಿದ್ದರೆ ಚಕ್ಷು ಅಲ್ಲ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಇಲ್ಲಿ ನಿಮಿಷಗಳ ಲೆಕ್ಕ. ಒಬ್ಬರು 40,000 ರೂಪಾಯಿ ಕಳಿಸಿದರು ಎಂದುಕೊಳ್ಳಿ. ಅದು ಮೊದಲು ಯಾರದೋ ಬಾಡಿಗೆ ಖಾತೆಗೆ ಬೀಳುತ್ತದೆ. ಅಲ್ಲಿಂದ ತುಂಡು ತುಂಡಾಗಿ ಮೂರ್ನಾಲ್ಕು ಖಾತೆಗೆ, ಅಲ್ಲಿಂದ ಎಟಿಎಂನಲ್ಲಿ ನಗದಾಗಿ ಹೊರಗೆ. 1930ರಲ್ಲಿ ದೂರು ದಾಖಲಾದ ಕೂಡಲೇ ಅದು ಸಂಬಂಧಪಟ್ಟ ಬ್ಯಾಂಕುಗಳಿಗೆ ಹೋಗುತ್ತದೆ, ದುಡ್ಡು ಯಾವ ಖಾತೆಯಲ್ಲಿ ಉಳಿದಿದೆಯೋ ಅಲ್ಲೇ ಅದನ್ನು ತಡೆಹಿಡಿಯುತ್ತಾರೆ. 40,000ದಲ್ಲಿ 25,000 ಇನ್ನೂ ಎರಡನೇ ಖಾತೆಯಲ್ಲಿದ್ದರೆ ಅಷ್ಟು ಸಿಗುವ ದಾರಿ ಉಳಿಯುತ್ತದೆ. ನಗದಾಗಿ ಹೊರಬಿದ್ದದ್ದನ್ನು ಹಿಡಿಯುವುದು ಬಹಳ ಕಷ್ಟ. ಮನೆಯವರಿಗೆ ಹೇಗೆ ಹೇಳಲಿ ಎಂದು ರಾತ್ರಿಯೆಲ್ಲ ಕೊರಗಿ, ಬೆಳಿಗ್ಗೆ ಠಾಣೆಗೆ ಹೋಗುವವರು ಕಳೆದುಕೊಳ್ಳುವುದು ಈ ಹೊತ್ತನ್ನೇ.

ಕಾಲ್ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ನಂಬರ್, ಕಳಿಸಿದ ಮೊತ್ತ, ತಾರೀಕು, ಸಮಯ ಕೈಯಲ್ಲಿರಲಿ. ಎಲ್ಲಕ್ಕಿಂತ ಬೇಕಾದದ್ದು ವಹಿವಾಟಿನ ನಂಬರ್. ಯುಪಿಐ ಆ್ಯಪಿನಲ್ಲಿ ಆ ಪಾವತಿಯನ್ನು ತೆರೆದರೆ 12 ಅಂಕಿಯ ಯುಟಿಆರ್ ಕಾಣುತ್ತದೆ, ಅದೇ. ಲೈನ್ ಸಿಗದಿದ್ದರೆ ಕಾಯುತ್ತಾ ಕೂರಬೇಡಿ, cybercrime.gov.in ನಲ್ಲಿ ಹಣಕಾಸು ವಂಚನೆ ವಿಭಾಗದಲ್ಲಿ ಅದೇ ವಿವರ ತುಂಬಿಸಿ. ಮನೆಯಲ್ಲಿ ಇನ್ನೊಬ್ಬರು ಇದ್ದರೆ ಅವರಿಂದ ಬ್ಯಾಂಕಿಗೂ ಕಾಲ್ ಮಾಡಿಸಿ. ಬ್ಯಾಂಕಿನ ನಂಬರನ್ನು ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ, ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ನಕಲಿ ಕಸ್ಟಮರ್ ಕೇರ್ ನಂಬರ್ ಹಾಕಿ ಕಾಯುವವರಿದ್ದಾರೆ.

ದೂರು ಕೊಟ್ಟ ಮೇಲೆ ಕೆಲವು ದಿನಕ್ಕೆ "ನಿಮ್ಮ ದುಡ್ಡು ವಾಪಸ್ ಬಂದಿದೆ, ಬಿಡುಗಡೆಗೆ ಶುಲ್ಕ ಕಟ್ಟಿ" ಎಂದು ಸೈಬರ್ ಪೊಲೀಸರ ಹೆಸರಿನಲ್ಲಿ ಕಾಲ್ ಬರಬಹುದು. ಒಮ್ಮೆ ಮೋಸ ಹೋದವರ ನಂಬರ್ ಅವರ ನಡುವೆ ಕೈ ಬದಲಾಗುತ್ತದೆ. ತಡೆಹಿಡಿದ ದುಡ್ಡು ಬಿಡುಗಡೆಯಾಗುವುದು ಪೊಲೀಸರು, ಬ್ಯಾಂಕು, ಕೋರ್ಟಿನ ಪ್ರಕ್ರಿಯೆಯಿಂದ. ಅದಕ್ಕೆ ಯಾರೂ ಫೋನಿನಲ್ಲಿ ಶುಲ್ಕ ಕೇಳುವುದಿಲ್ಲ. ಅಂಥ ಕಾಲ್ ಬಂದರೆ ಆ ನಂಬರನ್ನೂ ಚಕ್ಷುವಿಗೆ ಹಾಕಿ, ನಿಮ್ಮ ದೂರಿನ ನಂಬರ್ ಹಿಡಿದು ಹತ್ತಿರದ ಸೈಬರ್ ಠಾಣೆಗೆ ಹೋಗಿ ತಿಳಿಸಿ.